ಪದಚರ್ಚೆ: ‘ವಿಭಜಕ’ವೋ ‘ಕವಲು ತಂತಿ’ಯೋ? ಮೊಲೆಕ್ಸ್ ಸ್ಪ್ಲಿಟರ್ ಕುರಿತು

ಶಾರದಾ:

ಮಿತ್ರರೇ, ಕಂಪ್ಯೂಟರ್ ದುರಸ್ತಿ ಕಲಿಯುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನಗಳಿಂದ ಒಂದೇ ವಾಕ್ಯದ ಮುಂದೆ ಕುಳಿತಿದ್ದೇನೆ. ಈಗ ಅದು ಹೀಗಿದೆ:

“ಅಚ್ಚು ಹೊಯ್ದ ಮೊಲೆಕ್ಸ್–ಸಾಟಾ ವಿಭಜಕಗಳು ಅತಿತಾಪಕ್ಕೆ ಒಳಗಾಗಬಹುದು, ಬಳಸಬೇಡಿ.”

ವ್ಯಾಕರಣ ಸರಿಯಿದೆ, ಅರ್ಥ ಮಾತ್ರ ಓದುಗರಿಗೆ ದಾಟುವುದಿಲ್ಲ ಎಂಬ ಅನುಮಾನ. ಹಳೆಯ ಹಾರ್ಡ್ ಡಿಸ್ಕುಗಳಿಗೆ ಬರುತ್ತಿದ್ದ ನಾಲ್ಕು ಪಿನ್ನಿನ ಬಿಳಿ ಪ್ಲಗ್ಗಿಗೆ ‘ಮೊಲೆಕ್ಸ್’ ಎಂದೇ ಬರೆದರೆ ಸಾಕೇ? ಅದರಿಂದ ಈಗಿನ ಡಿಸ್ಕುಗಳ ಚಪ್ಪಟೆ ಸಾಟಾ ಪ್ಲಗ್ಗುಗಳಿಗೆ ವಿದ್ಯುತ್ ಒಯ್ಯುವ ‘ಸ್ಪ್ಲಿಟರ್’ಗೆ ‘ವಿಭಜಕ’ ಒಪ್ಪುತ್ತದೆಯೇ? ‘ಅಚ್ಚು ಹೊಯ್ದ’ ಎಂದರೆ ಏನು ಅರ್ಥವಾಗುತ್ತದೆ?

ರಮಾನಂದ:

ಮೊಲೆಕ್ಸ್ ಎಂಬುದು ಒಂದು ಕಂಪನಿಯ ಹೆಸರು. ಅದೇ ಕಂಪನಿ ಸಾಟಾ ಪ್ಲಗ್ಗುಗಳನ್ನೂ ಮಾಡುತ್ತದೆ. ಹಾಗಿರುವಾಗ ಒಂದು ಆಕಾರದ ಪ್ಲಗ್ಗಿಗೆ ಮಾತ್ರ ಆ ಹೆಸರನ್ನು ಕಟ್ಟುವುದು ಅಶಾಸ್ತ್ರೀಯ. ‘ಚತುಷ್ಕೀಲ ಸಂಯೋಜಕ’ ಎನ್ನಿ. ‘ವಿಭಜಕ’ದಲ್ಲಿ ತಪ್ಪೇನೂ ಕಾಣುವುದಿಲ್ಲ. ಬಿಸಿಯ ಕಾರಣವೂ ಸರಳ: ಅಗ್ಗದ ಮಾಲಿನಲ್ಲಿ ತಂತಿ ತೆಳು, ತೆಳು ತಂತಿಯಲ್ಲಿ ಹೆಚ್ಚು ವಿದ್ಯುತ್ ಹರಿದರೆ ಕಾಯುತ್ತದೆ. ಆದ್ದರಿಂದ ‘ಅತಿತಾಪ’ ಸಾಕು.

ದೇವಪ್ಪ:

ಶಾರದಾ ಅವರೇ, ಬಳಸಬೇಡಿ ಎಂದು ಏಕೆ ಹೇಳುತ್ತೀರಿ? ನನ್ನ ಬಳಿ ಯುಎಸ್‌ಬಿ ಹಾರ್ಡ್ ಡಿಸ್ಕಿನ ಹೊರಡಬ್ಬಿಯಿಂದ ಬಿಚ್ಚಿ ತೆಗೆದ ಒಂದು ಡಿಸ್ಕ್ ಇದೆ. ಪವರ್ ಸಪ್ಲೈನ ಸ್ವಂತ ಸಾಟಾ ಕೇಬಲ್ಲಿಗೆ ಸಿಕ್ಕಿಸಿದರೆ ಅದು ಮಿಸುಕುವುದೇ ಇಲ್ಲ. ಮೊಲೆಕ್ಸ್ ಅಡಾಪ್ಟರ್ ನಡುವೆ ಇಟ್ಟರೆ ತಕ್ಷಣ ತಿರುಗುತ್ತದೆ. ನನ್ನ ಪಾಲಿಗೆ ಅಡಾಪ್ಟರೇ ಒಳ್ಳೆಯದು.

ಫಾತಿಮಾ:

ದೇವಪ್ಪನವರೇ, ನಿಮ್ಮ ಡಿಸ್ಕಿನ ಕಥೆ ನಿಜ, ಆದರೆ ಅದು ಬೇರೆ ಕಥೆ. ಸಾಟಾ ಪ್ಲಗ್ಗಿನ ಮೂರನೆಯ ಪಿನ್ನಿಗೆ 3.3 ವೋಲ್ಟ್ ಬಂದರೆ ಹೊಸ ಮಾದರಿಯ ಕೆಲವು ಡಿಸ್ಕುಗಳು ಅದನ್ನು ‘ಮಲಗು’ ಎಂಬ ಆಜ್ಞೆಯಾಗಿ ಓದಿಕೊಳ್ಳುತ್ತವೆ. ಮೊಲೆಕ್ಸಿನಲ್ಲಿ ಹಳದಿ ತಂತಿಗೆ 12 ವೋಲ್ಟ್, ಕೆಂಪಿಗೆ 5 ವೋಲ್ಟ್, ನಡುವೆ ಎರಡು ಕಪ್ಪು, ಅಷ್ಟೇ, 3.3 ಅಲ್ಲಿ ಇಲ್ಲವೇ ಇಲ್ಲ. ಆ ಕೊರತೆಯೇ ನಿಮಗೆ ಉಪಕಾರ ಮಾಡಿದೆ. ಅಡಾಪ್ಟರಿನ ತುದಿ ಗಟ್ಟಿಯಾಗಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಈಗ ಪದಗಳಿಗೆ ಬರುತ್ತೇನೆ. ದುರಸ್ತಿ ಮೇಜಿನಲ್ಲಿ ಕುಳಿತವರು ಯಾರೂ ‘ಚತುಷ್ಕೀಲ’ ಎನ್ನುವುದಿಲ್ಲ, ಎಲ್ಲರಿಗೂ ಅದು ಮೊಲೆಕ್ಸ್. ಅದನ್ನು ಬಿಡಿ. ನನ್ನ ತಕರಾರು ‘ವಿಭಜಕ’ದ ಮೇಲೆ. ಆ ಪದ ಓದಿದವನು, ಒಂದು ತಂತಿಯನ್ನು ನಾಲ್ಕಾಗಿ ಒಡೆದರೆ ಹೊರೆಯೂ ನಾಲ್ಕಾಗಿ ಹಂಚಿಹೋಯಿತು ಎಂದುಕೊಳ್ಳುತ್ತಾನೆ. ಆಗುವುದು ಅದರ ಉಲ್ಟಾ. ನಾಲ್ಕು ಕವಲುಗಳ ಹೊರೆಯೂ ಬುಡದ ಒಂದೇ ಪಿನ್ನಿನಲ್ಲಿ ಕೂಡುತ್ತದೆ. ದೊಡ್ಡ ಹಾರ್ಡ್ ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕು ಡಿಸ್ಕುಗಳು ಒಟ್ಟಿಗೆ ಎದ್ದರೆ 8. ಮೊಲೆಕ್ಸಿನ ಒಂದು ಪಿನ್ ದಪ್ಪ ತಂತಿಯೊಂದಿಗೆ 11 ಆಂಪಿಯರ್ ತನಕ ತಾಳುತ್ತದೆ ಎಂಬುದು ರೂಢಿಯ ಲೆಕ್ಕ. ಹಾಗಾದರೆ ಕಾಗದದ ಮೇಲೆ ಎಲ್ಲವೂ ಸರಿ.

ಕಾಗದದಿಂದಾಚೆ ನೋಡಿ. ಆ ಪ್ಲಗ್ಗಿನೊಳಗಿರುವುದು ತಗಡನ್ನು ಸುತ್ತಿ ಮಾಡಿದ ಚಿಕ್ಕ ಕೊಳವೆ, ಉದ್ದಕ್ಕೂ ಒಂದು ಸೀಳು. ಹತ್ತಾರು ಬಾರಿ ಎಳೆದು ಸಿಕ್ಕಿಸಿದರೆ ಸೀಳು ಬಾಯಿ ಬಿಡುತ್ತದೆ, ಪಿನ್ನನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಬಿಗಿಯಾದ ಸಂಪರ್ಕದ ರೋಧ 5 ಮಿಲಿ ಓಮ್ ಎಂದಿಟ್ಟುಕೊಂಡರೆ 8 ಆಂಪಿಯರಿಗೆ ಅಲ್ಲಿ ಹುಟ್ಟುವ ಶಾಖ ಮೂರನೇ ಒಂದು ವಾಟ್, ಗಮನಕ್ಕೂ ಬಾರದು. ಸಡಿಲಗೊಂಡು 50 ಆದರೆ 3 ವಾಟಿಗೂ ಹೆಚ್ಚು, ಅದೂ ಬೆರಳ ತುದಿಗಿಂತ ಚಿಕ್ಕ ಜಾಗದಲ್ಲಿ. ರಮಾನಂದ ಅವರು ತಂತಿಯನ್ನು ದೂರಿದರು. ತಂತಿ ಉದ್ದಕ್ಕೂ ಗಾಳಿಗೆ ತೆರೆದುಕೊಂಡಿರುತ್ತದೆ, ಅದರ ಪಾಡು ಪರವಾಗಿಲ್ಲ. ಬೇಯುವುದು ಕೂಡುಬಿಂದು.

ಶಾರದಾ:

ಹಾಗಾದರೆ ‘ಕವಲು ತಂತಿ’. ನದಿಗೆ ಕವಲು ಎಂದರೂ ಬುಡದಲ್ಲಿ ಇಡೀ ನೀರು ಇದ್ದೇ ಇರುತ್ತದೆ, ಹೋಲಿಕೆ ಸುಳ್ಳು ಹೇಳುವುದಿಲ್ಲ. ಆದರೆ ಒಂದು ಗೊಂದಲ. ಡಿಸ್ಕುಗಳು ಏಳುವುದು ಕೆಲವೇ ಸೆಕೆಂಡುಗಳ ಕೆಲಸ, ಆಮೇಲೆ ತಲಾ ಅರ್ಧ ಆಂಪಿಯರಿನ ಆಸುಪಾಸಿನಲ್ಲಿ ನಿಲ್ಲುತ್ತವೆ. ಒಂದೇ ಡಿಸ್ಕ್ ಹಾಕಿದ ಅಡಾಪ್ಟರ್ ಕೂಡ ಸುಟ್ಟದ್ದನ್ನು ಕೈಪಿಡಿ ಹೇಳುತ್ತದೆ. ಅದು ಹೇಗೆ?

ಫಾತಿಮಾ:

ನಿಮ್ಮ ‘ಅತಿತಾಪ’ ಎಂಬ ಪದ ಸೋಲುವುದು ಅಲ್ಲಿಯೇ. ಅದು ಎರಡು ಬೇರೆ ಕಾಯಿಲೆಗಳಿಗೆ ಒಂದೇ ಹೆಸರು ಇಟ್ಟಂತೆ. ಮೊದಲನೆಯದನ್ನು ಹೇಳಿದೆ: ಹೊರೆ ಹೆಚ್ಚಾಗಿ, ಸಂಪರ್ಕ ಸಡಿಲಾಗಿ ಕಾವೇರುವುದು. ಎರಡನೆಯದಕ್ಕೆ ಹೊರೆಯೇ ಬೇಕಿಲ್ಲ.

ಸಾಟಾ ಪ್ಲಗ್ಗಿನಲ್ಲಿ ಹದಿನೈದು ಸಂಪರ್ಕಗಳು, ಒಂದರಿಂದ ಇನ್ನೊಂದಕ್ಕೆ 1.27 ಮಿಲಿಮೀಟರ್. ಅಚ್ಚಿನ ವಿಧಾನದಲ್ಲಿ ತಂತಿಗಳನ್ನೂ ಲೋಹದ ತುದಿಗಳನ್ನೂ ಜೋಡಿಸಿಟ್ಟು ಮೇಲೆ ಬಿಸಿ ಪ್ಲಾಸ್ಟಿಕ್ಕನ್ನು ಒತ್ತಿ ತುಂಬುತ್ತಾರೆ. ಆ ರಭಸಕ್ಕೆ ಒಂದು ತಂತಿ ಕೂದಲೆಳೆಯಷ್ಟು ಸರಿದರೂ ಒಳಗೆ ಏನಾಯಿತೆಂದು ಹೊರಗಿನಿಂದ ಕಾಣದು. ಸುಟ್ಟ ಒಂದನ್ನು ನಾನು ಬ್ಲೇಡಿನಿಂದ ಸೀಳಿ ನೋಡಿದ್ದೇನೆ. ಹಳದಿ ತಂತಿಯ ಬರಿ ಎಳೆಗಳು ಪಕ್ಕದ ಕಪ್ಪಿನ ಕಡೆಗೆ ವಾಲಿದ್ದವು, ನಡುವಿನ ಪ್ಲಾಸ್ಟಿಕ್ ಕರಕಲಾಗಿ ಹೊಳೆಯುತ್ತಿತ್ತು. ಕರಕಲು ಎಂದರೆ ಇಂಗಾಲ, ಇಂಗಾಲದಲ್ಲಿ ವಿದ್ಯುತ್ ಹರಿಯುತ್ತದೆ. ಹರಿದಷ್ಟೂ ಇನ್ನಷ್ಟು ಸುಟ್ಟು ದಾರಿ ಅಗಲವಾಗುತ್ತದೆ. ಪವರ್ ಸಪ್ಲೈಗೆ ಇದು ಶಾರ್ಟ್ ಎಂದು ತಿಳಿಯುವುದೂ ಇಲ್ಲ. ಹತ್ತಾರು ಆಂಪಿಯರ್ ಕೊಡಬಲ್ಲ ಯಂತ್ರಕ್ಕೆ ನಾಲ್ಕೈದು ಆಂಪಿಯರಿನ ಸೋರಿಕೆ ಮಾಮೂಲಿ ಹೊರೆಯಂತೆ ಕಾಣುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದ ತುದಿ ಒಂದು ದಿನ ಹೊಗೆಯಾಡುವುದು ಹೀಗೆ.

ಗುರುತಿಸಲು ಪ್ಲಗ್ಗಿನ ಹಿಂಬದಿ ನೋಡಿ. ತಂತಿಗಳು ಒಂದೇ ಗಟ್ಟಿ ಮುದ್ದೆಯೊಳಗೆ ಸಂದಿಲ್ಲದೆ ಹೂತುಹೋಗಿದ್ದರೆ ಅದು ಅಚ್ಚಿನದು. ಪ್ರತಿ ತಂತಿಗೂ ತನ್ನದೇ ಗೂಡಿದ್ದು, ಹಿಂದೆ ಬಿಚ್ಚಬಹುದಾದ ಮುಚ್ಚಳವಿದ್ದರೆ ಮತ್ತೊಂದು ಬಗೆ; ಗೂಡಿನ ಗೋಡೆಗಳು ತಂತಿಯನ್ನು ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ. ಇದನ್ನು ಎಲ್ಲರೂ ‘ಕ್ರಿಂಪ್’, ಅಂದರೆ ತಂತಿಯ ಸುತ್ತ ಲೋಹವನ್ನು ಒತ್ತಿ ಮಡಿಸಿದ್ದು, ಎನ್ನುತ್ತಾರೆ. ಆದರೆ ಹಲವದರಲ್ಲಿ ಕ್ರಿಂಪೇ ಇರುವುದಿಲ್ಲ, ಲೋಹದ ಕವೆ ತಂತಿಯ ಹೊದಿಕೆಯನ್ನು ಕೊಯ್ದು ಒಳಗಿನ ತಾಮ್ರವನ್ನು ಕಚ್ಚಿ ಹಿಡಿದಿರುತ್ತದೆ. ನಾನಾದರೆ ‘ಗೂಡಿನ ತುದಿ’ ಎಂದು ಬರೆಯುತ್ತೇನೆ.

ರಮಾನಂದ:

ತಂತಿಯ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ, ಅರ್ಧ ಮಾತ್ರ. ಸಾಟಾ ಪ್ಲಗ್ಗಿನಿಂದ ಗ್ರಾಫಿಕ್ಸ್ ಕಾರ್ಡಿಗೆ ಶಕ್ತಿ ಕೊಡುವ ಅಡಾಪ್ಟರುಗಳಲ್ಲಿ ಹೊರೆಯೇ ಖಳನಾಯಕ. 12 ವೋಲ್ಟಿಗೆ ಅಲ್ಲಿರುವುದು ಮೂರು ಸಂಪರ್ಕ, ತಲಾ ಒಂದೂವರೆ ಆಂಪಿಯರ್, ಒಟ್ಟು 54 ವಾಟ್. ಆರು ಪಿನ್ನಿನ ತುದಿಯಿಂದ ಕಾರ್ಡ್ ಕೇಳಬಹುದಾದದ್ದು 75. ಅಲ್ಲಿ ಎಷ್ಟೇ ಒಳ್ಳೆಯ ಗೂಡು ಕಟ್ಟಿದರೂ ಉಳಿಗಾಲವಿಲ್ಲ.

ಇನ್ನು ‘ಅಚ್ಚು ಹೊಯ್ದ’ ಎಂದರೆ ನನಗೆ ಬೆಲ್ಲ ನೆನಪಾಗುತ್ತದೆ, ‘ಎರಕ’ ಎಂದರೆ ಕಂಚು. ಎರಡೂ ಬೇಡ.

ಶಾರದಾ:

ಸದ್ಯಕ್ಕೆ ಹೀಗೆ ತಿದ್ದಿದ್ದೇನೆ:

“ತಂತಿಯ ಸುತ್ತ ಪ್ಲಾಸ್ಟಿಕ್ ತುಂಬಿ ಮುಚ್ಚಿದ ಸಾಟಾ ತುದಿಯಿರುವ ಮೊಲೆಕ್ಸ್ ಕವಲು ತಂತಿ ಬೇಡ, ಒಂದೇ ಡಿಸ್ಕ್ ಇದ್ದರೂ ಅದು ಒಳಗೊಳಗೇ ಶಾರ್ಟ್ ಆಗಿ ಸುಡಬಹುದು. ಗೂಡಿನ ತುದಿಯದನ್ನೇ ಬಳಸಿ, ಅದರಲ್ಲಿಯೂ ಬುಡದ ಪ್ಲಗ್ ಸಡಿಲವಾಗಿದ್ದರೆ ಬದಲಿಸಿ.”

ಉದ್ದವಾಯಿತು, ಗೊತ್ತು. ‘ತುಂಬಿ ಮುಚ್ಚಿದ’ ಎಂಬುದಕ್ಕೆ ಒಂದೇ ಪದ ಯಾರಿಗಾದರೂ ಹೊಳೆದರೆ ತಿಳಿಸಿ.

ದೇವಪ್ಪ:

ನನ್ನದರ ಹಿಂಬದಿ ನೋಡಿದೆ. ಗಟ್ಟಿ ಮುದ್ದೆ. ಬಿಚ್ಚಿಟ್ಟಿದ್ದೇನೆ. ಗೂಡಿನ ತುದಿಯದು ಸಿಗುವ ತನಕ ಡಿಸ್ಕ್ ಮಲಗಿರಲಿ.