ಅಪ್‌ಡೇಟ್: ಲೀಡಿಂಗ್ ಲೋಡ್‌ನಲ್ಲಿ ರೆಗ್ಯುಲೇಷನ್ ಋಣಾತ್ಮಕ

ನನ್ನ ಪ್ರಶ್ನೆ: 10 kVA, 2000/200 V ಟ್ರಾನ್ಸ್‌ಫಾರ್ಮರ್. ಸೆಕೆಂಡರಿಗೆ ವರ್ಗಾಯಿಸಿದ ರೋಧ 0.08 Ω, ರಿಯಾಕ್ಟೆನ್ಸ್ 0.16 Ω. ಪೂರ್ಣ ಲೋಡ್‌ನಲ್ಲಿ 0.8 ಪವರ್ ಫ್ಯಾಕ್ಟರ್‌ಗೆ ರೆಗ್ಯುಲೇಷನ್ ಎಷ್ಟು? ಲೀಡಿಂಗ್ ಇದ್ದಾಗ ಉತ್ತರ ಋಣಾತ್ಮಕವಾಗಬಹುದೇ?

ಅಪ್‌ಡೇಟ್: ಆಗಬಹುದು. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಸೆಕೆಂಡರಿ ಕರೆಂಟ್ 10000/200 = 50 A. ಆದ್ದರಿಂದ IR = 4 V, IX = 8 V. ಲೋಡ್ ಇರುವಾಗ ಟರ್ಮಿನಲ್‌ನಲ್ಲಿ 200 V ಇದೆ ಎಂದು ಹಿಡಿದಿದ್ದೇನೆ.

```
ಲ್ಯಾಗಿಂಗ್: 4×0.8 + 8×0.6 =  8.0 V →  4.0%
ಲೀಡಿಂಗ್:  4×0.8 − 8×0.6 = −1.6 V → −0.8%
```

ಋಣ ಚಿಹ್ನೆಯ ಅರ್ಥ ಇಷ್ಟೇ: ಲೋಡ್ ತೆಗೆದರೆ ವೋಲ್ಟೇಜ್ ಏರುವ ಬದಲು ಇಳಿಯುತ್ತದೆ. ಲೀಡಿಂಗ್ ಕರೆಂಟ್ ಹರಿಯುವಾಗ ರಿಯಾಕ್ಟೆನ್ಸ್‌ನ ವೋಲ್ಟೇಜ್ ಟರ್ಮಿನಲ್ ವೋಲ್ಟೇಜನ್ನು ಮೇಲೆತ್ತುತ್ತಿರುತ್ತದೆ.

ನನಗೆ ನಿಜಕ್ಕೂ ಕುತೂಹಲ ಹುಟ್ಟಿಸಿದ್ದು ಫೇಸರ್‌ನ ಪೂರ್ಣ ಲೆಕ್ಕ. ಲ್ಯಾಗಿಂಗ್‌ನಲ್ಲಿ √(164² + 128²) = 208.04 V, ಅಂದರೆ 4.02%. ಸರಳ ಸೂತ್ರ ಇಲ್ಲಿ ಸಾಕು. ಲೀಡಿಂಗ್‌ನಲ್ಲಿ √(164² + 112²) = 198.6 V, ಅಂದರೆ −0.7%. ವ್ಯತ್ಯಾಸಕ್ಕೆ ಕಾರಣ, ಸರಳ ಸೂತ್ರ ಕೈಬಿಡುವ ಲಂಬ ಘಟಕ. ಅದು ಲ್ಯಾಗಿಂಗ್‌ನಲ್ಲಿ 6.4 − 2.4 = 4 V ಮಾತ್ರ; ಲೀಡಿಂಗ್‌ನಲ್ಲಿ 6.4 + 2.4 = 8.8 V. ಉತ್ತರವೇ ಚಿಕ್ಕದಾದಾಗ ಇದು ಎದ್ದು ಕಾಣುತ್ತದೆ. ಪರೀಕ್ಷೆಗೆ ಸರಳ ಸೂತ್ರವನ್ನೇ ಬರೆಯುತ್ತೇನೆ, ಆದರೆ ಲೀಡಿಂಗ್ ಉತ್ತರದಲ್ಲಿ ದಶಮಾಂಶದ ನಂತರದ ಅಂಕಿಯನ್ನು ನಂಬುವುದಿಲ್ಲ.

ಒಬ್ಬರು ಕೇಳಿದ್ದ ಶೂನ್ಯ ರೆಗ್ಯುಲೇಷನ್ ಬಿಂದು: tan φ = R/X = 0.5, ಅಂದರೆ ಸರಳ ಸೂತ್ರದ ಪ್ರಕಾರ ಸುಮಾರು 0.894 ಲೀಡಿಂಗ್.