ಬರ್ನೌಲಿ ಪ್ರಕಾರ ಬಕೆಟ್ 3 ಸೆಕೆಂಡಿಗೆ ತುಂಬಬೇಕು, ತುಂಬುವುದು 20 ಸೆಕೆಂಡಿಗೆ: ಲೆಕ್ಕ ಎಲ್ಲಿ ತಪ್ಪಿದೆ?

ತೊಟ್ಟಿಕೊಳವೆ:
ತೊಟ್ಟಿಯ ನೀರಿನ ಮಟ್ಟ ಕೊಳವೆಯ ಬಾಯಿಗಿಂತ 5 ಮೀ. ಮೇಲಿದೆ. ಪ್ಲಾಸ್ಟಿಕ್ ಕೊಳವೆಯ ಒಳವ್ಯಾಸ 25 ಮಿ.ಮೀ., ಉದ್ದ 40 ಮೀ., ನಡುವೆ 4 ಎಲ್ಬೋ, ಒಂದು ಗೇಟ್ ವಾಲ್ವ್ (ಪೂರ್ತಿ ತೆರೆದಿದೆ). V = √(2gH) ಹಾಕಿದರೆ 9.9 ಮೀ./ಸೆ., ಅಂದರೆ ಸೆಕೆಂಡಿಗೆ 4.9 ಲೀಟರ್. ಆದರೆ 15 ಲೀಟರ್ ಬಕೆಟ್ ತುಂಬಲು 20 ಸೆಕೆಂಡ್ ಬೇಕಾಗುತ್ತಿದೆ. ಮೂರು ಸಲ ಅಳೆದೆ, ಅಷ್ಟೇ ಬಂತು.

ವಾಲ್ವ್‌ಮನೆ:
ಘರ್ಷಣೆಯನ್ನೇ ಬಿಟ್ಟಿದ್ದೀರಿ, ಹೆಡ್ ಲಾಸ್ ಸೇರಿಸಿ. ಜೊತೆಗೆ ನೀರು ಹೊರಬೀಳುವ ಕಡೆ ಎಕ್ಸಿಟ್ ಲಾಸ್ K = 1 ಇರುತ್ತದೆ. ಕೊಳವೆಯಾದ್ದರಿಂದ ವೇಗದ ಪದದ ತಿದ್ದುಪಡಿ ಗುಣಾಂಕ α = 2 ಹಾಕಿ.

ಹರಿವುಲೆಕ್ಕ:
ಮೊದಲ ಮಾತು ಸರಿ, ಉಳಿದೆರಡು ಇಲ್ಲಿ ಹೊಂದುವುದಿಲ್ಲ. ಬರ್ನೌಲಿ ಸಮೀಕರಣದಲ್ಲಿ ಘರ್ಷಣೆಯೂ ಇಲ್ಲ, ಪಂಪೂ ಇಲ್ಲ. ಅದರಲ್ಲಿನ V ಒಂದು ಹರಿವಿನ ಗೆರೆಯ ಮೇಲಿನ ವೇಗ, ಇಡೀ ಕೊಳವೆಯ ಸರಾಸರಿ ಅಲ್ಲ. ಕೊಳವೆಗೆ ಬೇಕಾದ ರೂಪ ಕೆಳಗಿದೆ. hp ಪಂಪ್ ನೀರಿಗೆ ಸೇರಿಸುವ ಹೆಡ್, hL ಹೆಡ್ ಲಾಸ್, f ಘರ್ಷಣೆಯ ಗುಣಾಂಕ, K ಒಳಬಾಯಿ, ಎಲ್ಬೋ, ವಾಲ್ವುಗಳ ನಷ್ಟದ ಗುಣಾಂಕ:

```
p1/ρg + α1·V1²/2g + z1 + hp = p2/ρg + α2·V2²/2g + z2 + hL
hL = (f·L/D + ΣK)·V²/2g
```

ಒಂದನೇ ಬಿಂದು ತೊಟ್ಟಿಯ ನೀರಿನ ಮೇಲ್ಮೈ, ಎರಡನೆಯದು ಬಾಯಿಂದ ಹೊರಬಿದ್ದ ಧಾರೆ. ಎರಡೂ ಕಡೆ ವಾತಾವರಣದ ಒತ್ತಡ, ತೊಟ್ಟಿಯಲ್ಲಿ ವೇಗ ಸೊನ್ನೆ, ಪಂಪ್ ಇಲ್ಲ. ಉಳಿಯುವುದು ಇಷ್ಟು:

```
5 = (α + f·L/D + ΣK)·V²/2g
```

L/D = 1600. f = 0.023 ಎಂದು ಊಹಿಸಿ V ಕಂಡುಹಿಡಿಯಿರಿ, ಆ V ಯಿಂದ ರೆನಾಲ್ಡ್ಸ್ ಸಂಖ್ಯೆ, ಅದರಿಂದ ಮತ್ತೆ f. ಎರಡನೇ ಸುತ್ತಿಗೇ 0.0226 ಕ್ಕೆ ನಿಲ್ಲುತ್ತದೆ, ರೆನಾಲ್ಡ್ಸ್ ಸುಮಾರು 38,000. ಘರ್ಷಣೆಗೆ 36.2, ಒಳಬಾಯಿಗೆ 0.5, ಎಲ್ಬೋ ತಲಾ 0.9, ವಾಲ್ವಿಗೆ 0.2, ಇವು ಸೇರಿ 4.3; α 1.05. ಒಟ್ಟು 41.5. V = 1.54 ಮೀ./ಸೆ., ಸೆಕೆಂಡಿಗೆ 0.75 ಲೀಟರ್. ನಿಮ್ಮ ಬಕೆಟ್ ಹೇಳಿದ್ದೂ ಅದನ್ನೇ.

ಎಲ್ಬೋದ K ತಯಾರಿಕೆಗೆ ತಕ್ಕಂತೆ ಬದಲಾಗುತ್ತದೆ, ಹಾಗಾಗಿ ಇಷ್ಟು ಹತ್ತಿರ ಬಂದದ್ದರಲ್ಲಿ ಸ್ವಲ್ಪ ಅದೃಷ್ಟವೂ ಇದೆ.

@ವಾಲ್ವ್‌ಮನೆ, ಧಾರೆಯಲ್ಲಿ ವೇಗ ಇನ್ನೂ ಇದೆ, ಅದನ್ನು α ಪದ ಆಗಲೇ ಎಣಿಸಿದೆ. ಕೊಳವೆಯ ಬಾಯಿ ಇನ್ನೊಂದು ತೊಟ್ಟಿಯ ನೀರಿನೊಳಗೆ ಮುಳುಗಿದ್ದು, ಎರಡನೇ ಬಿಂದುವನ್ನು ಆ ತೊಟ್ಟಿಯ ಮೇಲ್ಮೈಯಲ್ಲಿ ಹಿಡಿದರೆ ಮಾತ್ರ ಎಕ್ಸಿಟ್ ಲಾಸ್ ಬರುತ್ತದೆ. ಆಗ ವೇಗದ ಪದ ಇರುವುದಿಲ್ಲ. ಎರಡನ್ನೂ ಹಾಕಿದರೆ ಒಂದೇ ಶಕ್ತಿಯನ್ನು ಎರಡು ಸಲ ಕಳೆದಂತೆ. α = 2 ಲ್ಯಾಮಿನಾರ್ ಹರಿವಿಗೆ. ಗೋಡೆಯ ಬಳಿ ವೇಗ ಸೊನ್ನೆ, ನಡುವೆ ಸರಾಸರಿಯ ಎರಡರಷ್ಟು. ವೇಗದ ಘನದ ಸರಾಸರಿ ಸರಾಸರಿ ವೇಗದ ಘನಕ್ಕಿಂತ ದೊಡ್ಡದಾಗುವುದು ಅದಕ್ಕೇ. ಟರ್ಬುಲೆಂಟ್ ಹರಿವಿನಲ್ಲಿ ವೇಗ ಹೆಚ್ಚುಕಡಿಮೆ ಸಮನಾಗಿ ಹರಡುವುದರಿಂದ 1.05 ರ ಆಸುಪಾಸು. ಇಲ್ಲಿ ಅದನ್ನು 1 ಎಂದು ಹಿಡಿದರೂ 41.5 ರಲ್ಲಿ 0.05 ರಷ್ಟೇ ವ್ಯತ್ಯಾಸ.

ಎಣ್ಣೆಹನಿ:
ನನ್ನದು ಎಣ್ಣೆ ಕೊಳವೆ: 10 ಮಿ.ಮೀ. ವ್ಯಾಸ, 30 ಸೆಂ.ಮೀ. ಉದ್ದ, ರೆನಾಲ್ಡ್ಸ್ 500. ಇಲ್ಲೂ α ಬಿಟ್ಟುಬಿಡಬಹುದಾ?

ಹರಿವುಲೆಕ್ಕ:
ಬಿಡಬೇಡಿ. f = 64/500, ಆದ್ದರಿಂದ f·L/D ಬರೀ 3.84; ಅದರ ಪಕ್ಕದಲ್ಲಿ 2 ದೊಡ್ಡ ಸಂಖ್ಯೆಯೇ. ಇನ್ನೊಂದು ತೊಡಕಿದೆ. ವೇಗದ ಹಂಚಿಕೆ ಪೂರ್ತಿ ರೂಪುಗೊಳ್ಳಲು ಸುಮಾರು 0.06 × 500 × 10 = 300 ಮಿ.ಮೀ. ಬೇಕು. ನಿಮ್ಮ ಕೊಳವೆ ಇರುವುದೇ ಅಷ್ಟು ಉದ್ದ! ಹಾಗಾಗಿ 64/Re ಕೊಡುವ ನಷ್ಟ ನಿಜಕ್ಕಿಂತ ಕಡಿಮೆ.

ಎಣ್ಣೆಹನಿ:
ಎಷ್ಟು ಕಡಿಮೆ?

ಹರಿವುಲೆಕ್ಕ:
ಒಳಬಾಯಿಯ ಆಕಾರ ಗೊತ್ತಿಲ್ಲದೆ ನಾನು ಅಂಕಿ ಹೇಳಲಾರೆ. ಹರಿವು ಅಳೆದು ಹಾಕಿ.

ತೊಟ್ಟಿಕೊಳವೆ:
ನನಗೆ ಸೆಕೆಂಡಿಗೆ 1.2 ಲೀಟರ್ ಬೇಕು. ಈಗಿನ hL 4.87 ಮೀ.; ವೇಗದ ಪದ ಮಾತ್ರ 0.32 ಕ್ಕೆ ಏರುತ್ತದೆ. ಅಂದರೆ hp ಬರೀ 0.2 ಮೀ. ಸಾಕಲ್ಲವೇ?

ವಾಲ್ವ್‌ಮನೆ:
hL ಹಾಗೇ ಉಳಿಯುವುದಿಲ್ಲ. ವೇಗದ ವರ್ಗದಂತೆ ಏರುತ್ತದೆ.

ಹರಿವುಲೆಕ್ಕ:
ಹೌದು. 1.2 ಲೀಟರಿಗೆ V = 2.44, V²/2g = 0.304 ಮೀ. f ತುಸು ಇಳಿದು 0.0201 ಆಗುತ್ತದೆ, ಆವರಣದೊಳಗಿನ ಮೊತ್ತ 37.5. ಗುಣಿಸಿದರೆ 11.4 ಮೀ. ಎತ್ತರದಿಂದ 5 ಸಿಗುತ್ತದೆ, hp = 6.4 ಮೀ. ನೀರಿಗೆ ಸೇರಬೇಕಾದ ಶಕ್ತಿ ρgQ·hp, ಸುಮಾರು 75 ವ್ಯಾಟ್. ಪಂಪ್–ಮೋಟಾರಿನ ದಕ್ಷತೆ 35% ಎಂದುಕೊಂಡರೆ ಕರೆಂಟ್ ಸುಮಾರು 215 ವ್ಯಾಟ್. hp ಎಂದರೆ ನೀರಿಗೆ ಸೇರಿದ್ದು ಮಾತ್ರ, ಆದ್ದರಿಂದ ಪಂಪಿನೊಳಗಿನ ನಷ್ಟವನ್ನು hL ಗೆ ಸೇರಿಸಬೇಡಿ. ಅದು ದಕ್ಷತೆಯಲ್ಲೇ ಬಂದಿದೆ.

ತೊಟ್ಟಿಕೊಳವೆ:
ಪಂಪಿನ ಫಲಕದಲ್ಲಿ "ಗರಿಷ್ಠ ಹೆಡ್ 8 ಮೀ." ಎಂದಿದೆ. ಆಗುತ್ತದಲ್ಲ?

ಹರಿವುಲೆಕ್ಕ:
ಅದು ಹರಿವು ಸೊನ್ನೆ ಇದ್ದಾಗಿನ ಹೆಡ್. 1.2 ಲೀಟರ್ ಹರಿಯುವಾಗ 6.4 ಉಳಿಯುತ್ತದೆಯೇ ಎಂಬುದನ್ನು ಆ ಪಂಪಿನ ಹೆಡ್–ಹರಿವು ಗ್ರಾಫ್ ಮಾತ್ರ ಹೇಳಬಲ್ಲದು. ಅದನ್ನು ಹಾಕಿ, ನೋಡೋಣ.