ಓದಲು ಬಾರದ ಶಾಸನವನ್ನು ನಕಲು ಮಾಡುವುದು ಹೇಗೆ? ಪ್ರಶ್ನೋತ್ತರ

ಬೇಲೂರು ಕಡೆಯ ಶಿಕ್ಷಕಿ: ಮೇಡಂ, ನಮ್ಮೂರ ಕೆರೆ ಏರಿಯ ವೀರಗಲ್ಲಿನ ಮೇಲೆ ಒಂಬತ್ತು ಸಾಲು ಬರಹವಿದೆ. ಹಳೆಯ ಲಿಪಿ ನನಗೆ ಬಾರದು. ಕಂಡ ಹಾಗೆ ಬರೆದು ಕಳುಹಿಸಿದರೆ ಉಪಯೋಗವಾಗುತ್ತದೆಯೇ? ಆರನೆಯ ಸಾಲಿನ ಒಂದು ಅಕ್ಷರ ‘ಮ’ ಅನಿಸುತ್ತದೆ, ಆದರೆ ಅಲ್ಲಿ ಕಲ್ಲು ಒಡೆದಿದೆ.

ಶಾಸನತಜ್ಞೆ: ಉಪಯೋಗವಾಗುತ್ತದೆ. ಆದರೆ ದಯವಿಟ್ಟು ‘ಮ’ ಎಂದು ಬರೆಯಬೇಡಿ, ಗೆರೆಗಳನ್ನಷ್ಟೇ ಬರೆಯಿರಿ. ಸವೆದ ಕಲ್ಲಿನಲ್ಲಿ ಮ, ವ ಒಂದನ್ನೊಂದು ಹೋಲುತ್ತವೆ. ನೀವು ‘ಮ’ ಎಂದು ಊಹಿಸಿ ಬರೆದರೆ ಆಮೇಲೆ ಓದುವವರಿಗೆ ‘ವ’ ಕಾಣುವುದೇ ಇಲ್ಲ. ಚೌಕುಳಿ ಹಾಳೆಯಲ್ಲಿ ಕಲ್ಲಿನ ಒಂದು ಸಾಲಿಗೆ ಒಂದೇ ಸಾಲು ಇರಲಿ. ಪದ ಅರ್ಧಕ್ಕೆ ನಿಂತಿದ್ದರೂ ಕೆಳಗಿನ ಸಾಲಿನಿಂದ ಎಳೆದು ಸೇರಿಸಬೇಡಿ. ಅನುಮಾನವಿರುವ ಅಕ್ಷರದ ಕೆಳಗೆ ಚುಕ್ಕೆ ಹಾಕಿ. ಅಳಿದುಹೋದ ಕಡೆ, ಪಕ್ಕದ ಅಕ್ಷರಗಳ ಅಗಲ ನೋಡಿ, ಎಷ್ಟು ಅಕ್ಷರ ಹಿಡಿಯುತ್ತಿತ್ತೋ ಅಷ್ಟು ಅಡ್ಡಗೆರೆ ಎಳೆಯಿರಿ. ಒಡಕನ್ನು ಒಡಕಾಗಿಯೇ ಬಿಡಿಸಿ. ರಾತ್ರಿ ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ, ಮೊದಲು ಎಡದಿಂದ, ಆಮೇಲೆ ಮೇಲಿನಿಂದ ಹಿಡಿದು ನೋಡಿ. ಬೆಳಕು ಹರಿಯುವ ದಿಕ್ಕಿನಲ್ಲೇ ಇರುವ ಗೆರೆಗೆ ನೆರಳು ಬೀಳುವುದಿಲ್ಲ, ಅದು ಮಾಯವಾಗುತ್ತದೆ.

ಅರಸೀಕೆರೆಯ ಸದಸ್ಯರು: ಅಷ್ಟೆಲ್ಲ ಯಾಕೆ? ಸೀಮೆಸುಣ್ಣ ತುಂಬಿದರೆ ಅಕ್ಷರ ಎದ್ದು ಕಾಣುತ್ತವೆ. ನಾವು ಹಾಗೇ ಫೋಟೊ ತೆಗೆದಿದ್ದೇವೆ.

ಶಾಸನತಜ್ಞೆ: ಎದ್ದು ಕಾಣುವುದು ನಿಮ್ಮ ಊಹೆ. ಒಡಕಿಗೂ ಸುಣ್ಣ ತುಂಬಿದರೆ ಅದೂ ಅಕ್ಷರವಾಗುತ್ತದೆ. ಬೇಡ.

ಮೂಡಿಗೆರೆಯ ಸದಸ್ಯೆ: ಹುಣಸೆಹುಳಿ, ಉಪ್ಪು ಹಾಕಿ ಉಜ್ಜಿದರೆ ಪಾಚಿ ಹೋಗುತ್ತದೆ ಎಂಬ ಸಂದೇಶ ಬಂದಿದೆ. ಆ ಸಂದೇಶವನ್ನು ಇಲ್ಲಿ ಹಾಕುತ್ತೇನೆ, ನೋಡಿ.

ಶಾಸನತಜ್ಞೆ: ಅದನ್ನು ಯಾರಿಗೂ ಕಳುಹಿಸಬೇಡಿ. ಹುಳಿ, ಉಪ್ಪು ಎರಡೂ ಕಲ್ಲಿಗೆ ಕೆಡುಕು. ನೀರು, ಮೃದುವಾದ ಬ್ರಷ್ ಸಾಕು. ಅದಕ್ಕೂ ಮೊದಲು, ಹಾಸನ ಜಿಲ್ಲೆಯ ಶಾಸನಗಳ ಸಂಪುಟ 1902ರಲ್ಲೇ ಅಚ್ಚಾಗಿದೆ. ಬೇಲೂರು ಕಡೆಯ ಶಿಕ್ಷಕಿಯವರೇ, ನಿಮ್ಮ ಊರಿನ ಕಲ್ಲು ಅದರಲ್ಲಿದೆಯೇ ನೋಡಿ.

ಕೊಪ್ಪದ ಸದಸ್ಯರು: ನಮ್ಮ ಮನೆಯ ತಾಳೆಗರಿ ತಿಗಳಾರಿ ಲಿಪಿಯಲ್ಲಿದೆ, ಅದಕ್ಕೂ ಇದೇ ಕ್ರಮವೇ?

ಹಾಸನದ ಸದಸ್ಯರು: ಶಾಸನ ಎಂದರೆ ನಮ್ಮ ಹಲ್ಮಿಡಿ. ಕನ್ನಡದ ಮೊದಲ ಶಾಸನ ನಮ್ಮ ಜಿಲ್ಲೆಯದು.

ಅರಸೀಕೆರೆಯ ಸದಸ್ಯರು: ತಾಳಗುಂದದ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಳೆಯದು ಎನ್ನುತ್ತಾರೆ. ಓದಿಕೊಂಡು ಮಾತನಾಡಿ.

ಹಾಸನದ ಸದಸ್ಯರು: ಎನ್ನುವವರು ಎನ್ನಲಿ. ನಮ್ಮೂರಿನ ಹೆಮ್ಮೆಗೆ ನಿಮ್ಮ ಅಪ್ಪಣೆ ಬೇಕಿಲ್ಲ.

ಶಾಸನತಜ್ಞೆ: ಈ ಜಗಳ ಬೇರೆ ಕಡೆ ಮಾಡಿ.

ಕಡೂರಿನ ಸದಸ್ಯರು: ಸೀಮೆಸುಣ್ಣ ಹಚ್ಚಬಹುದೇ ಮೇಡಂ?

ಶಾಸನತಜ್ಞೆ: ಬೇಡ. ಮೇಲೆ ಓದಿ.

ಬೇಲೂರು ಕಡೆಯ ಶಿಕ್ಷಕಿ: ಟಾರ್ಚ್ ಹಿಡಿದು ನೋಡಿದೆ. ಎಡದಿಂದ ಬೆಳಕು ಬಿಟ್ಟಾಗ ಆ ಅಕ್ಷರದ ಬಾಲ ಕಾಣಲಿಲ್ಲ, ಮೇಲಿನಿಂದ ಬಿಟ್ಟಾಗ ಕಂಡಿತು.

ಶಾಸನತಜ್ಞೆ: ಹಾಗಾದರೆ ಅಲ್ಲಿ ಅಡ್ಡವಾಗಿ ಒಂದು ತಗ್ಗು ಇರುವುದು ನಿಜ. ಅದು ಉಳಿಯಿಂದ ಕೊರೆದದ್ದೋ ಒಡಕಿನದೋ ಎಂದು ಇಷ್ಟರಿಂದ ತಿಳಿಯುವುದಿಲ್ಲ. ಉಳಿಯ ಗೆರೆಯಾದರೆ ಎರಡು ಬದಿಯೂ ನಯವಾಗಿ ಇಳಿದು, ಆಳ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಒಡಕಿನ ಅಂಚು ಒರಟು. ಅದೇ ಕಲ್ಲಿನಲ್ಲಿ ಇದೇ ಆಕಾರದ, ಚೆನ್ನಾಗಿ ಉಳಿದ ಅಕ್ಷರ ಹುಡುಕಿ, ಎರಡನ್ನೂ ಅಕ್ಕಪಕ್ಕ ಬರೆದು ಕಳುಹಿಸಿ. ಚುಕ್ಕೆ ಅಳಿಸಬೇಡಿ.

ಬೇಲೂರು ಕಡೆಯ ಶಿಕ್ಷಕಿ: ಎರಡನೆಯ ಸಾಲಿನಲ್ಲಿ ಅಂಥದೊಂದಿದೆ. ನಾಳೆ ನನ್ನ ನಕಲು ನೋಡದೆ ಸಹೋದ್ಯೋಗಿಯೊಬ್ಬರು ಬೇರೆಯಾಗಿ ಬರೆಯುತ್ತಾರೆ. ಎರಡನ್ನೂ ಕಳುಹಿಸುತ್ತೇನೆ.